ಟೈಯ ಉದ್ದ ಮತ್ತು ಅಗಲ: ಎತ್ತರ, ಕಾಲರ್, ಮೈಕಟ್ಟಿಗೆ ಹೊಂದುವಂತೆ ಆರಿಸುವುದು ಹೇಗೆ?

ಎತ್ತರದವರಿಗೆ ಉದ್ದದ ಟೈ, ಕುಳ್ಳಗಿರುವವರಿಗೆ ಗಿಡ್ಡ ಟೈ, ದಪ್ಪ ಮೈಯವರಿಗೆ ಅಗಲದ ಟೈ ಎಂಬ ಮಾತು ಬಟ್ಟೆ ಅಂಗಡಿಗಳಲ್ಲಿ ಮೇಲಿಂದ ಮೇಲೆ ಕೇಳಿಬರುತ್ತದೆ. ಇದರಲ್ಲಿ ಅರ್ಧ ಮಾತ್ರ ನಿಜ. ಆರಡಿ ದಾಟಿದ ತೆಳು ಮೈಯ ಯುವಕನಿಗೆ ಸಾಧಾರಣ ಉದ್ದದ ಟೈ ಸಾಕಾಗಿ, ಐದೂವರೆ ಅಡಿಯೂ ಇಲ್ಲದ ಅವನ ತಂದೆಗೆ ಅದೇ ಟೈ ಸಾಲದೆ ಹೋಗುವುದುಂಟು. ಟೈ ನಮ್ಮ ಎತ್ತರವನ್ನು ನೇರವಾಗಿ ಅಳೆಯುವುದಿಲ್ಲ. ಅದು ಕುತ್ತಿಗೆಯನ್ನು ಒಂದು ಸುತ್ತು ಬಳಸಿ, ಗಂಟಿನೊಳಗೆ ಒಂದಷ್ಟು ಉದ್ದವನ್ನು ಕಳೆದುಕೊಂಡು, ಎದೆ ಹೊಟ್ಟೆಗಳ ಮೇಲೆ ಇಳಿದು ಬೆಲ್ಟಿನ ಬಳಿ ಬಂದು ನಿಲ್ಲಬೇಕು. ಈ ದಾರಿಯಲ್ಲಿ ಎತ್ತರದ ಪಾಲು ಇರುವುದು ಒಂದು ತುಂಡಿನಲ್ಲಿ ಮಾತ್ರ.

ಮಗನ ಆರತಕ್ಷತೆಗೆ, ಕೆಲಸದ ಸಂದರ್ಶನಕ್ಕೆ, ಕಚೇರಿಯ ಸಮಾರಂಭಕ್ಕೆ ಟೈ ಕೊಳ್ಳಲು ಹೊರಟವರು ಸಾಮಾನ್ಯವಾಗಿ ಬಣ್ಣದಿಂದ ಆರಂಭಿಸಿ ಅಗಲಕ್ಕೆ ಬರುತ್ತಾರೆ. ಉದ್ದವನ್ನು ಕೇಳುವುದೇ ಇಲ್ಲ. ಈ ಕ್ರಮವನ್ನು ತಿರುಗಿಸಿಕೊಳ್ಳುವುದು ಒಳ್ಳೆಯದು. ಮೊದಲು ಶರ್ಟಿನ ಕಾಲರ್ ನೋಡಬೇಕು, ಏಕೆಂದರೆ ಎಷ್ಟು ದೊಡ್ಡ ಗಂಟು ಬೇಕೆಂಬುದನ್ನು ಅದು ಹೇಳುತ್ತದೆ. ಗಂಟು ಎಷ್ಟು ಉದ್ದವನ್ನು ನುಂಗುತ್ತದೆ ಎಂಬುದು ತಿಳಿದ ಮೇಲೆ ಟೈಯ ಉದ್ದ ನಿರ್ಧಾರವಾಗುತ್ತದೆ. ಕೊನೆಯದಾಗಿ ಕೋಟಿನ ಲ್ಯಾಪೆಲ್, ಅಂದರೆ ಎದೆಯ ಮೇಲೆ ಹಿಂದಕ್ಕೆ ಮಡಚಿಕೊಂಡಿರುವ ಪಟ್ಟಿ, ಮತ್ತು ಎದೆಯ ಅಗಲ ನೋಡಿ ಟೈಯ ಅಗಲವನ್ನು ಆರಿಸಬೇಕು.

ಯಾವ ಮಾನದಂಡದಿಂದ ತೂಗಬೇಕು

ಟೈ ಸರಿಯಾಗಿ ಕೂತಿದೆಯೇ ಎಂದು ಹೇಳಲು ಮೂರು ಗುರುತುಗಳು ಸಾಕು. ಒಂದನೆಯದು, ನೆಟ್ಟಗೆ ನಿಂತಾಗ ಮುಂದಿನ ಅಗಲ ಪಟ್ಟಿಯ ತುದಿ ಬೆಲ್ಟಿನ ಬಕಲ್ಲನ್ನು ಮುಟ್ಟಬೇಕು. ಬೆಲ್ಟಿನ ಮೇಲಂಚಿನಿಂದ ಬಕಲ್ಲಿನ ನಡುವಿನವರೆಗೆ ಎಲ್ಲಿ ನಿಂತರೂ ಸರಿಯೇ. ಅದಕ್ಕಿಂತ ಮೇಲೆ ನಿಂತರೆ ಟೈ ಮತ್ತು ಪ್ಯಾಂಟಿನ ನಡುವೆ ಶರ್ಟು ಕಾಣುತ್ತದೆ, ಕೋಟಿನ ಗುಂಡಿ ಹಾಕಿದಾಗಲಂತೂ ಆ ತ್ರಿಕೋನ ಎದ್ದು ಕಾಣುತ್ತದೆ. ಬಕಲ್ ದಾಟಿ ಇಳಿದರೆ ಕಾಲು ಗಿಡ್ಡವಾದಂತೆ ತೋರುತ್ತದೆ. ಎರಡನೆಯದು, ಹಿಂದಿನ ಸಣ್ಣ ಪಟ್ಟಿ, ಅಂದರೆ ಬಾಲ, ಮುಂದಿನದಕ್ಕಿಂತ ಉದ್ದವಾಗಿ ಕೆಳಗೆ ಇಣುಕಬಾರದು. ಹಾಗೆಯೇ ಮುಂದಿನ ಪಟ್ಟಿಯ ಬೆನ್ನಿಗೆ ಹೊಲಿದಿರುವ ಕುಣಿಕೆಗೆ ತೂರಿಸಲು ಸಾಲದಷ್ಟು ಗಿಡ್ಡವೂ ಆಗಬಾರದು. ಮೂರನೆಯದು, ಗಂಟು ಕಾಲರಿನ ಎರಡು ರೆಕ್ಕೆಗಳ ನಡುವಿನ ಜಾಗವನ್ನು ತುಂಬಬೇಕು, ಆದರೆ ರೆಕ್ಕೆಗಳನ್ನು ಮೇಲಕ್ಕೆ ಎತ್ತಬಾರದು.

ಎರಡನೆಯ ಗುರುತನ್ನು ಹೆಚ್ಚಿನವರು ಗಮನಿಸುವುದಿಲ್ಲ, ಆದರೆ ಉದ್ದದ ವಿಷಯದಲ್ಲಿ ಅದೇ ನಿಜವಾದ ಸಾಕ್ಷಿ. ಮುಂದಿನ ತುದಿಯನ್ನು ಬಕಲ್ಲಿನ ಬಳಿ ತರುವುದು ಯಾವ ಟೈಯಲ್ಲಾದರೂ ಸಾಧ್ಯ, ಏಕೆಂದರೆ ಮುಂದೆ ಒಂದು ಇಂಚು ಎಳೆದುಕೊಂಡರೆ ಹಿಂದೆ ಒಂದು ಇಂಚು ಕಡಿಮೆಯಾಗುತ್ತದೆ, ಅಷ್ಟೇ. ಆದ್ದರಿಂದ ಟೈ ಗಿಡ್ಡವೋ ಉದ್ದವೋ ಎಂಬ ತೀರ್ಮಾನವನ್ನು ಕನ್ನಡಿಯಲ್ಲಿ ಕಾಣುವ ಮುಂಭಾಗದಿಂದ ಅಲ್ಲ, ಮುಂಭಾಗವನ್ನು ಸರಿಪಡಿಸಿಕೊಂಡ ಮೇಲೆ ಉಳಿಯುವ ಬಾಲದಿಂದ ಮಾಡಬೇಕು.

ಉದ್ದದ ಲೆಕ್ಕ

ಮಾರುಕಟ್ಟೆಯಲ್ಲಿ ಸಿಗುವ ಟೈಗಳನ್ನು ಉದ್ದದ ಪ್ರಕಾರ ಮೂರು ಗುಂಪು ಮಾಡಬಹುದು. ಸಾಧಾರಣ ಟೈ ಒಂದು ತುದಿಯಿಂದ ಇನ್ನೊಂದು ತುದಿಗೆ 57ರಿಂದ 58 ಇಂಚು, ಅಂದರೆ ಸುಮಾರು 145ರಿಂದ 147 ಸೆಂಟಿಮೀಟರ್ ಇರುತ್ತದೆ. ಕೆಲವು ತಯಾರಕರು 150 ಸೆಂಟಿಮೀಟರಿನವರೆಗೂ ಹೋಗುತ್ತಾರೆ. ಹೆಚ್ಚು ಉದ್ದದ ಟೈ 61ರಿಂದ 63 ಇಂಚು. ಗಿಡ್ಡ ಅಳತೆಯದು 54–55 ಇಂಚು. ಇದು ಸಿದ್ಧ ಮಾಲಾಗಿ ಸಿಗುವುದು ಕಡಿಮೆ. ಹುಡುಗರ ಟೈಗಳು ಇನ್ನೂ ಗಿಡ್ಡವಾಗಿರುತ್ತವೆ ಮತ್ತು ಅಗಲವೂ ಕಡಿಮೆ. ಕುಳ್ಳಗಿರುವ ವಯಸ್ಕರಿಗೆ ಅವು ಪರಿಹಾರವಲ್ಲ, ಏಕೆಂದರೆ ಗಂಟು ಮಕ್ಕಳ ಗಂಟಿನಂತೆಯೇ ಕಾಣುತ್ತದೆ.

ನಿಮಗೆ ಯಾವುದು ಬೇಕೆಂದು ತಿಳಿಯಲು ಟೈಲರಿನ ಟೇಪು ಮತ್ತು ಕೈಲಿರುವ ಯಾವುದಾದರೂ ಒಂದು ಟೈ ಇದ್ದರೆ ಸಾಕು. ಮೊದಲು ಶರ್ಟಿನ ಕಾಲರ್ ಅಳತೆಗೆ ಒಂದು ಇಂಚು ಸೇರಿಸಿ; ಟೈ ಕಾಲರ್ ಪಟ್ಟಿಯ ಹೊರಗೆ ಸುತ್ತುವುದರಿಂದ ಅಷ್ಟು ಹೆಚ್ಚು ಬೇಕು. ಎರಡನೆಯದಾಗಿ, ಟೇಪಿನ ತುದಿಯನ್ನು ಕಾಲರಿನ ಗುಂಡಿಯ ಮೇಲೆ ಹಿಡಿದು, ಎದೆಯ ಮೇಲೆ ಇಳಿಬಿಟ್ಟು, ಬೆಲ್ಟಿನ ಮಟ್ಟಕ್ಕೆ ಬಂದಾಗ ಎಷ್ಟಾಯಿತೆಂದು ಓದಿ. ಹೊಟ್ಟೆ ಇದ್ದವರು ಟೇಪನ್ನು ಹೊಟ್ಟೆಯ ಕೆಳಗಿನ ತಿರುವಿಗೆ ಒತ್ತಬಾರದು. ಟೈ ಹೊಟ್ಟೆಯ ಅತ್ಯಂತ ಮುಂದಿನ ಭಾಗದಿಂದ ನೇರವಾಗಿ ತೂಗುತ್ತದೆ, ಟೇಪೂ ಹಾಗೆಯೇ ತೂಗಬೇಕು. ಮೂರನೆಯದು ಗಂಟಿನ ಪಾಲು. ಮಧ್ಯಮ ದಪ್ಪದ ಟೈಯಲ್ಲಿ ಫೋರ್-ಇನ್-ಹ್ಯಾಂಡ್ ಎಂಬ ಸರಳ ಗಂಟು ಸುಮಾರು 8 ಇಂಚನ್ನು ತೆಗೆದುಕೊಳ್ಳುತ್ತದೆ, ಹಾಫ್ ವಿಂಡ್ಸರ್ ಸುಮಾರು 10, ಫುಲ್ ವಿಂಡ್ಸರ್ ಸುಮಾರು 12. ಬಟ್ಟೆ ಮತ್ತು ಒಳಗಿನ ಅಸ್ತರಿ ದಪ್ಪವಾದಷ್ಟೂ ಈ ಅಂಕಿಗಳು ಏರುತ್ತವೆ. ನಿಮ್ಮ ಕೈಯ ಬಿಗಿಗೆ ತಕ್ಕ ಅಂಕಿ ಬೇಕಿದ್ದರೆ ಕೈಲಿರುವ ಟೈಯನ್ನು ಕಟ್ಟಿ, ಕಾಲರ್ ಗುಂಡಿಯಿಂದ ಮುಂದಿನ ತುದಿಗೂ ಬಾಲದ ತುದಿಗೂ ಅಳೆದು, ಅವೆರಡನ್ನೂ ಕುತ್ತಿಗೆಯ ಸುತ್ತನ್ನೂ ಟೈಯ ಒಟ್ಟು ಉದ್ದದಿಂದ ಕಳೆಯಿರಿ. ಉಳಿದದ್ದು ಗಂಟಿನೊಳಗೆ ಹೋದದ್ದು.

ಈಗ ಒಂದೇ ಮನೆಯ ಮೂವರನ್ನು ತೆಗೆದುಕೊಂಡು ಲೆಕ್ಕ ಮಾಡಿ ನೋಡೋಣ. ಮದುವೆಯ ಆರತಕ್ಷತೆಗೆ ಮೂವರೂ ಸೂಟು ಹೊಲಿಸಿದ್ದಾರೆ, ಮೂವರಿಗೂ 58 ಇಂಚಿನ ಒಂದೇ ಬಗೆಯ ಟೈ ತರಲಾಗಿದೆ ಎಂದುಕೊಳ್ಳಿ.

ಮಗ 6 ಅಡಿ 1 ಇಂಚು, ತೆಳು ಮೈ, ಕಾಲರ್ 15.5. ಕುತ್ತಿಗೆಗೆ 16.5 ಇಂಚು, ಗುಂಡಿಯಿಂದ ಬೆಲ್ಟಿಗೆ 20 ಇಂಚು, ಸರಳ ಗಂಟಿಗೆ 8 ಇಂಚು, ಒಟ್ಟು 44.5. ಅಂದರೆ 58ರಲ್ಲಿ ಬಾಲಕ್ಕೆ 13.5 ಇಂಚು ಉಳಿಯುತ್ತದೆ. ಹಿಂದಿನ ಕುಣಿಕೆ ಸಾಮಾನ್ಯವಾಗಿ ಮುಂದಿನ ತುದಿಯಿಂದ ಒಂಬತ್ತು ಹತ್ತು ಇಂಚು ಮೇಲಿರುತ್ತದೆ, ಆದ್ದರಿಂದ ಇವನಿಗೆ ಅದು ಗುಂಡಿಯಿಂದ ಹತ್ತೂವರೆ ಇಂಚಿನ ಆಸುಪಾಸಿನಲ್ಲಿ ಬರುತ್ತದೆ. ಬಾಲ ಕುಣಿಕೆಯನ್ನು ದಾಟಿ ಮೂರು ಇಂಚು ಕೆಳಗೆ ಇಳಿಯುತ್ತದೆ. ಯಾವ ತೊಂದರೆಯೂ ಇಲ್ಲ. ಅವನು ಹಾಫ್ ವಿಂಡ್ಸರ್ ಹಾಕಿದರೆ ಬಾಲ 11.5 ಇಂಚಿಗೆ ಇಳಿದು ಕುಣಿಕೆಯಲ್ಲಿ ಹೇಗೋ ನಿಲ್ಲುತ್ತದೆ. ಫುಲ್ ವಿಂಡ್ಸರ್ ಹಾಕಿದರೆ ಕುಣಿಕೆಯವರೆಗೆ ತಲುಪುವುದೇ ಇಲ್ಲ, ಗಾಳಿಗೆ ಬಾಲ ಪಕ್ಕಕ್ಕೆ ಸರಿದು ಹೊರಗೆ ಕಾಣುತ್ತದೆ.

ತಂದೆ 5 ಅಡಿ 5 ಇಂಚು, ಕಾಲರ್ 17.5, ಮುಂದೆ ಬಂದ ಹೊಟ್ಟೆ, ಬೆಲ್ಟು ಹೊಟ್ಟೆಯ ಕೆಳಗೆ. ಕುತ್ತಿಗೆಗೆ 18.5, ಹೊಟ್ಟೆಯ ಮೇಲಿಂದ ಬೆಲ್ಟಿಗೆ 19.5, ಗಂಟಿಗೆ 8, ಒಟ್ಟು 46. ಬಾಲಕ್ಕೆ ಉಳಿಯುವುದು 12 ಇಂಚು. ಮಗನಿಗಿಂತ ಎಂಟು ಇಂಚು ಕುಳ್ಳಗಿದ್ದರೂ ತಂದೆಯ ಟೈ ಮಗನದಕ್ಕಿಂತ ಒಂದೂವರೆ ಇಂಚು ಮೊದಲೇ ಮುಗಿದುಹೋಗುತ್ತದೆ. ತಂದೆಯ ಮುಖ ಅಗಲ, ಕಾಲರೂ ಅಗಲ; ಹೀಗಾಗಿ ಅವರಿಗೆ ಹಾಫ್ ವಿಂಡ್ಸರ್ ಗಂಟು ಬೇಕೆನಿಸುತ್ತದೆ. ಆಗ ಉಳಿಯುವ 10 ಇಂಚು ಸರಿಯಾಗಿ ಕುಣಿಕೆಯ ಅಂಚಿಗೆ ಬಂದು, ಒಮ್ಮೆ ಕೂತು ಎದ್ದರೆ ಜಾರಿ ಹೊರಬರುತ್ತದೆ. ಈ ಮೂವರಲ್ಲಿ 61–62 ಇಂಚಿನ ಟೈ ಬೇಕಾಗಿರುವುದು ತಂದೆಗೆ.

ಸೋದರಮಾವ 5 ಅಡಿ 3 ಇಂಚು, ಸಣ್ಣ ಮೈ, ಕಾಲರ್ 14.5. ಕುತ್ತಿಗೆಗೆ 15.5, ಬೆಲ್ಟಿಗೆ 16, ಗಂಟಿಗೆ 8, ಒಟ್ಟು 39.5. ಬಾಲಕ್ಕೆ 18.5 ಇಂಚು ಉಳಿದು ಮುಂದಿನ ತುದಿಗಿಂತ ಎರಡೂವರೆ ಇಂಚು ಕೆಳಗೆ ಇಣುಕುತ್ತದೆ. ಇಲ್ಲಿ ಸಾಮಾನ್ಯವಾಗಿ ಕೊಡುವ ಸಲಹೆಯೆಂದರೆ ಫುಲ್ ವಿಂಡ್ಸರ್ ಕಟ್ಟಿ ಹೆಚ್ಚಿನ ಉದ್ದವನ್ನು ಗಂಟಿಗೆ ಉಣಿಸುವುದು. ಲೆಕ್ಕದ ಪ್ರಕಾರ ಅದು ಸರಿ, ಬಾಲ 14.5ಕ್ಕೆ ಇಳಿಯುತ್ತದೆ, ನೋಟಕ್ಕೆ ಮಾತ್ರ ತಪ್ಪು. ಟೈ ತುದಿಯಿಂದ ಮೇಲಕ್ಕೆ ಹೋದಂತೆ ಕಿರಿದಾಗುತ್ತದೆ. ಮುಂಭಾಗ ಗಿಡ್ಡವಾಗಿದ್ದರೆ ಗಂಟು ಬೀಳುವುದು ಇನ್ನೂ ಅಗಲವಾಗಿರುವ ಭಾಗದಲ್ಲಿ, ಆದ್ದರಿಂದ ಕುಳ್ಳಗಿರುವವರ ಗಂಟು ಯಾವ ಪ್ರಯತ್ನವೂ ಇಲ್ಲದೆ ದೊಡ್ಡದಾಗುತ್ತದೆ. ಅದರ ಮೇಲೆ ಫುಲ್ ವಿಂಡ್ಸರ್ ಸುತ್ತಿದರೆ ಸಣ್ಣ ಕುತ್ತಿಗೆಯ ಕೆಳಗೆ ಮುಷ್ಟಿ ಗಾತ್ರದ ಗಂಟು ಕೂರುತ್ತದೆ. ಇದಕ್ಕಿಂತ ಸರಳ ಗಂಟಿನಲ್ಲೇ ಇನ್ನೊಂದು ಸುತ್ತು ಹೆಚ್ಚು ಹಾಕುವುದು ಮೇಲು. ಪ್ರಿನ್ಸ್ ಆಲ್ಬರ್ಟ್ ಎಂದು ಕರೆಯುವ ಈ ಗಂಟು ಎರಡು ಮೂರು ಇಂಚನ್ನು ಹೀರಿಕೊಂಡರೂ ಅಗಲಕ್ಕೆ ಹರಡುವುದಿಲ್ಲ, ಬಾಲ ಮುಂಭಾಗದ ಸಮಕ್ಕೆ ಬರುತ್ತದೆ. ಕೋಟು ತೆಗೆಯುವುದಿಲ್ಲ ಎಂಬ ಖಾತ್ರಿ ಇದ್ದರೆ ಬಾಲವನ್ನು ಶರ್ಟಿನ ಎರಡು ಗುಂಡಿಗಳ ನಡುವೆ ಒಳಗೆ ತೂರಿಸಿಬಿಡಬಹುದು. ಎಲ್ಲಕ್ಕಿಂತ ಒಳ್ಳೆಯದು 54–55 ಇಂಚಿನ ಟೈ, ಸಿಕ್ಕರೆ.

ಎತ್ತರದವರಿಗೆ ಇದರ ವಿರುದ್ಧ ದಿಕ್ಕಿನ ತೊಂದರೆ. ಮುಂಭಾಗಕ್ಕೆ 20 ಇಂಚು ಬೇಕಾದಾಗ ಗಂಟು ಟೈಯ ಕಿರಿದಾದ ಮಧ್ಯಭಾಗಕ್ಕೆ ಹೋಗುತ್ತದೆ, ಆದ್ದರಿಂದ ಅಂಗಡಿಯವನ ಕೊರಳಲ್ಲಿ ಚೆನ್ನಾಗಿ ಕಂಡ ಗಂಟು ನೀಳ ದೇಹದವನ ಕೊರಳಲ್ಲಿ ಬಡಕಲಾಗಿ ಕಾಣುತ್ತದೆ. ನಮ್ಮ ಉದಾಹರಣೆಯ ಮಗನಿಗೆ ಉದ್ದ ಸಾಲುತ್ತದೆ, ಆದರೆ ಗಂಟಿಗೆ ಮೈ ತುಂಬಬೇಕಾದರೆ ಟೈ ಸ್ವಲ್ಪ ದಪ್ಪ ಬಟ್ಟೆಯದಾಗಿರಬೇಕು.

ಪ್ಯಾಂಟು ಎಲ್ಲಿ ಕೂರುತ್ತದೆ ಎಂಬುದೂ ಈ ಲೆಕ್ಕದೊಳಗೆ ಬರುತ್ತದೆ. ಸೊಂಟದಿಂದ ಎರಡು ಇಂಚು ಕೆಳಗೆ ಕೂರುವ ಪ್ಯಾಂಟು ಹಾಕುವವರಿಗೆ ಟೈಯೂ ಎರಡು ಇಂಚು ಹೆಚ್ಚು ಬೇಕು. 1930–40ರ ದಶಕಗಳ ಹಳೆಯ ಟೈಗಳು ಇಂದಿನವರಿಗೆ ಗಿಡ್ಡವೆನಿಸುವುದಕ್ಕೆ ಇದೇ ಕಾರಣ. ಆಗ ಪ್ಯಾಂಟು ಹೊಕ್ಕುಳಿನ ಮಟ್ಟದಲ್ಲಿ ನಿಲ್ಲುತ್ತಿತ್ತು. ವೇಸ್ಟ್‌ಕೋಟ್ ಹಾಕುವವರಿಗೆ ತುದಿ ಒಳಗೆ ಮುಚ್ಚಿಹೋಗುವುದರಿಂದ ಒಂದೆರಡು ಇಂಚು ಹೆಚ್ಚುಕಡಿಮೆಯಾದರೂ ನಡೆಯುತ್ತದೆ.

ಕಾಲರ್ ಮತ್ತು ಗಂಟು

ಗುಂಡಿ ಹಾಕಿದ ಕಾಲರಿನ ಎರಡು ಚೂಪು ತುದಿಗಳ ನಡುವಿನ ಅಂತರವನ್ನು ಅಳೆಯಿರಿ. ಅದು ಮೂರು ಇಂಚಿನ ಆಸುಪಾಸಿನಲ್ಲಿದ್ದರೆ ಪಾಯಿಂಟ್ ಕಾಲರ್. ರೆಕ್ಕೆಗಳು ಕೆಳಮುಖವಾಗಿ ಹತ್ತಿರವಿರುತ್ತವೆ. ಮೂರೂವರೆಯಿಂದ ನಾಲ್ಕೂವರೆ ಇಂಚಿನವರೆಗಿನದು ಸೆಮಿ-ಸ್ಪ್ರೆಡ್. ಸಿದ್ಧ ಉಡುಪಿನ ಫಾರ್ಮಲ್ ಶರ್ಟುಗಳಲ್ಲಿ ಇದು ತುಂಬ ಸಾಮಾನ್ಯ. ಅದಕ್ಕೂ ಅಗಲವಾದುದು ಸ್ಪ್ರೆಡ್, ರೆಕ್ಕೆಗಳು ಬಹುತೇಕ ಹಿಂದಕ್ಕೆ ಬಾಗಿದ್ದರೆ ಕಟ್‌ಅವೇ. ತಯಾರಕರು ಈ ಹೆಸರುಗಳನ್ನು ಒಂದೇ ಅಳತೆಗೆ ಬಳಸುವುದಿಲ್ಲ, ಆದ್ದರಿಂದ ಲೇಬಲ್ಲಿಗಿಂತ ಟೇಪನ್ನು ನಂಬಿರಿ.

ಪಾಯಿಂಟ್ ಕಾಲರಿಗೂ, ರೆಕ್ಕೆಯ ತುದಿಗಳನ್ನು ಶರ್ಟಿಗೆ ಗುಂಡಿಯಿಂದ ಕೂಡಿಸುವ ಬಟನ್-ಡೌನ್ ಕಾಲರಿಗೂ ಸರಳ ಗಂಟೇ ಸರಿ, ಟೈ ಎರಡೂವರೆಯಿಂದ ಮೂರು ಇಂಚು ಅಗಲವಿದ್ದರೆ ಹಿತವಾಗಿರುತ್ತದೆ. ಇಲ್ಲಿ ದೊಡ್ಡ ಗಂಟು ತಪ್ಪು ಎಂಬುದನ್ನು ಕಾಲರೇ ತೋರಿಸಿಕೊಡುತ್ತದೆ: ರೆಕ್ಕೆಯ ಚೂಪು ತುದಿ ಶರ್ಟನ್ನು ಬಿಟ್ಟು ಮೇಲೆದ್ದು ನಿಲ್ಲುತ್ತದೆ. ಸೆಮಿ-ಸ್ಪ್ರೆಡ್ ಎಲ್ಲಕ್ಕೂ ಒಗ್ಗುವಂಥದು. ಮೂರು ಇಂಚಿನ ಟೈಯಲ್ಲಿ ಸರಳ ಗಂಟಾದರೂ ಹಾಫ್ ವಿಂಡ್ಸರ್ ಆದರೂ ಕೂರುತ್ತದೆ. ಯಾವ ಕಾಲರ್ ಕೊಳ್ಳಬೇಕೆಂದು ಇನ್ನೂ ನಿರ್ಧರಿಸದವರಿಗೆ ನಾನು ಇದನ್ನೇ ಹೇಳುತ್ತೇನೆ.

ಸ್ಪ್ರೆಡ್ ಮತ್ತು ಕಟ್‌ಅವೇ ಕಾಲರಿನಲ್ಲಿ ಪರಿಸ್ಥಿತಿ ಬಿಗಿಯಾಗುತ್ತದೆ. ಗಂಟು ಚಿಕ್ಕದಾದರೆ ಅದರ ಎರಡು ಬದಿಯಲ್ಲಿ ಕಾಲರಿನ ಪಟ್ಟಿಯೂ, ಕೆಲವೊಮ್ಮೆ ಕುತ್ತಿಗೆ ಸುತ್ತಿದ ಟೈಯೂ ಕಾಣುತ್ತದೆ. ಇಟಲಿಯ ಶೈಲಿಯನ್ನು ಮೆಚ್ಚುವವರು ಕಟ್‌ಅವೇ ಕಾಲರಿನಲ್ಲಿ ಬೇಕೆಂದೇ ಸಣ್ಣ ಗಂಟು ಹಾಕಿ ಟೈ ಕಾಣುವಂತೆ ಬಿಡುತ್ತಾರೆ, ಅದನ್ನು ದೋಷವೆನ್ನಲಾಗದು. ಆದರೆ ಸಂದರ್ಶನಕ್ಕೆ ಹೋಗುವವರಿಗೆ ಅದು ಅರೆಬರೆ ಕಟ್ಟಿದಂತೆ ತೋರುವ ಅಪಾಯವಿದೆ. ಗಂಟನ್ನು ದೊಡ್ಡದು ಮಾಡಲು ಎರಡು ದಾರಿಗಳಿವೆ. ಹೆಚ್ಚು ಸುತ್ತುಗಳ ಗಂಟು ಹಾಕುವುದು ಒಂದು. ಅದು ಉದ್ದವನ್ನು ತಿನ್ನುತ್ತದೆ. ದಪ್ಪ ನೇಯ್ಗೆಯ, ಒಳಗೆ ಉಣ್ಣೆಯ ಅಸ್ತರಿ ಇರುವ ಟೈ ಕೊಳ್ಳುವುದು ಇನ್ನೊಂದು. ಅದು ದುಡ್ಡನ್ನು ತಿನ್ನುತ್ತದೆ. ಎತ್ತರದವರಿಗೂ ಕುತ್ತಿಗೆ ದಪ್ಪಗಿರುವವರಿಗೂ ಎರಡನೆಯ ದಾರಿ ಒಳ್ಳೆಯದು, ಏಕೆಂದರೆ ಸುತ್ತಿಗೆ ಕೊಡಲು ಅವರ ಬಳಿ ಉದ್ದ ಮಿಕ್ಕಿರುವುದಿಲ್ಲ.

ಮುಂದಿನ ತುದಿಯ ಅಗಲ ಒಂದೇ ಇರುವ ಎರಡು ಟೈಗಳ ಗಂಟು ಬೇರೆ ಬೇರೆ ಗಾತ್ರದ್ದಾಗಬಹುದು. ಅಂಗಡಿಯಲ್ಲಿ ತುದಿಯಿಂದ ಹದಿನೆಂಟು ಇಪ್ಪತ್ತು ಇಂಚು ಮೇಲೆ ಟೈಯನ್ನು ಬೆರಳುಗಳ ನಡುವೆ ಹಿಡಿದು ನೋಡಿ. ಗಂಟು ಹುಟ್ಟುವುದು ಅಲ್ಲಿಂದ. ಅಲ್ಲಿ ಅದು ತೀರ ಕಿರಿದಾಗಿ, ಕಾಗದದಂತೆ ತೆಳುವಾಗಿದ್ದರೆ ಅಗಲ ಕಾಲರಿಗೆ ಅದು ಸಾಲದು. ಅದೇ ಹೊತ್ತಿನಲ್ಲಿ ಟೈಯ ಕಿರಿದಾದ ತುದಿಯನ್ನು ಹಿಡಿದು ಇಳಿಬಿಡಿ. ಒಳ್ಳೆಯ ಟೈಯನ್ನು ಬಟ್ಟೆಯ ಎಳೆಗೆ 45 ಡಿಗ್ರಿ ಓರೆಯಾಗಿ ಕತ್ತರಿಸಿರುತ್ತಾರೆ. ನ್ಯೂಯಾರ್ಕಿನ ಟೈ ತಯಾರಕ ಜೆಸ್ಸಿ ಲ್ಯಾಂಗ್ಸ್‌ಡಾರ್ಫ್ 1920ರ ದಶಕದಲ್ಲಿ ರೂಢಿಗೆ ತಂದ ಕ್ರಮ ಇದು. ಓರೆ ಕತ್ತರಿಕೆ ಸರಿಯಾಗಿದ್ದರೆ ಟೈ ನೆಟ್ಟಗೆ ತೂಗುತ್ತದೆ; ತಪ್ಪಿದ್ದರೆ ತಿರುಚಿಕೊಳ್ಳುತ್ತದೆ, ಆ ತಿರುಚನ್ನು ಯಾವ ಇಸ್ತ್ರಿಯೂ ನೆಟ್ಟಗೆ ಮಾಡದು.

ಅಗಲ: ಲ್ಯಾಪೆಲ್ ಮೊದಲು, ಮೈಕಟ್ಟು ಆಮೇಲೆ

ಅಗಲವೆಂದರೆ ಮುಂದಿನ ಪಟ್ಟಿಯ ಅತ್ಯಂತ ಅಗಲ ಭಾಗದ ಅಳತೆ. ಎರಡರಿಂದ ಎರಡೂವರೆ ಇಂಚಿನವು ಸ್ಲಿಮ್ ಅಥವಾ ಸ್ಕಿನ್ನಿ ಎಂದು ಮಾರಾಟವಾಗುತ್ತವೆ, ಎರಡೂಮುಕ್ಕಾಲಿನಿಂದ ಮೂರೂಕಾಲು ಇಂಚಿನವು ಮಧ್ಯಮ, ಮೂರೂವರೆಯಿಂದ ನಾಲ್ಕು ಇಂಚಿನವು ಅಗಲದವು. ಸೂಟು ಹಾಕುವವರಿಗೆ ಮೊದಲ ನಿಯಮ ಸರಳ: ಕೋಟಿನ ಲ್ಯಾಪೆಲ್ಲನ್ನು ಅದರ ಅತ್ಯಂತ ಅಗಲ ಜಾಗದಲ್ಲಿ ಅಳೆದು, ಟೈ ಅದಕ್ಕಿಂತ ಕಾಲು ಇಂಚಿನೊಳಗೆ ಹೆಚ್ಚುಕಡಿಮೆ ಇರುವಂತೆ ಆರಿಸಿ. ಮೂರು ಇಂಚಿನ ಲ್ಯಾಪೆಲ್ಲಿಗೆ ಮೂರು ಇಂಚಿನ ಟೈ. ಬಂಧ್‌ಗಲಾ ಹೊಲಿಸುವವರಿಗೆ ಈ ತಲೆನೋವೇ ಇಲ್ಲ.

ಮೈಕಟ್ಟಿನ ವಿಷಯದಲ್ಲಿ ಸ್ಲಿಮ್ ಟೈಯ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಕಟುವಾಗಿದೆ. ಎದೆ 36–38 ಇಂಚಿನ, ಕಿರಿದಾದ ಲ್ಯಾಪೆಲ್ಲಿನ ಕೋಟು ಮತ್ತು ಚಿಕ್ಕ ರೆಕ್ಕೆಯ ಪಾಯಿಂಟ್ ಕಾಲರ್ ಹಾಕುವ ಯುವಕನಿಗೆ ಅದು ಒಪ್ಪುತ್ತದೆ. ಮಿಕ್ಕವರಲ್ಲಿ ಹೆಚ್ಚಿನವರಿಗೆ ಒಪ್ಪುವುದಿಲ್ಲ. ಹೊಟ್ಟೆ ಇರುವವರು ಕಿರಿದಾದ ಟೈ ಹಾಕಿದರೆ ಅದರ ಎರಡು ಪಕ್ಕದಲ್ಲೂ ಬಿಳಿ ಶರ್ಟು ವಿಶಾಲವಾಗಿ ಕಂಡು, ಮುಚ್ಚಬೇಕಾದದ್ದು ಇನ್ನಷ್ಟು ತೆರೆದುಕೊಳ್ಳುತ್ತದೆ. ತೀರ ಎತ್ತರದ ತೆಳ್ಳನೆಯವರಲ್ಲಿ ಅದು ನೀಳತನವನ್ನೇ ಒತ್ತಿ ಹೇಳುತ್ತದೆ. ಅಷ್ಟಲ್ಲದೆ ಸ್ಲಿಮ್ ಟೈಯ ಮಧ್ಯಭಾಗವೂ ಕಿರಿದು, ಅಸ್ತರಿಯೂ ತೆಳು. ಸೆಮಿ-ಸ್ಪ್ರೆಡ್ ಕಾಲರಿನಲ್ಲೂ ಅದರ ಗಂಟು ಬಟಾಣಿ ಕಾಳಿನಷ್ಟಾಗಿ ನಿಲ್ಲುತ್ತದೆ. ಅದನ್ನು ಸರಿಪಡಿಸಲು ಫುಲ್ ವಿಂಡ್ಸರ್ ಹಾಕಿದರೆ ಮೇಲೆ ದಪ್ಪ ಗಂಟು, ಕೆಳಗೆ ಬಡಕಲು ಪಟ್ಟಿ ಎಂಬ ಹೊಂದಾಣಿಕೆಯಿಲ್ಲದ ನೋಟ ಬರುತ್ತದೆ.

ಅಗಲದ ಟೈ ಎದೆ 44 ಇಂಚಿನ ಮೇಲಿರುವವರಿಗೆ, ಅಗಲ ಲ್ಯಾಪೆಲ್ಲಿನ ಕೋಟಿಗೆ, ಸ್ಪ್ರೆಡ್ ಕಾಲರಿಗೆ ಚೆನ್ನಾಗಿ ಕೂರುತ್ತದೆ. ಆದರೂ ಮೂರೂವರೆ ಇಂಚು ದಾಟಬೇಕಾದ ಅಗತ್ಯ ಅಪರೂಪ. ನಾಲ್ಕು ಇಂಚಿನ ಟೈ ಸಣ್ಣ ಮೈಯವರ ಎದೆಯನ್ನೇ ನುಂಗಿಬಿಡುತ್ತದೆ. ಕಪಾಟಿನಲ್ಲಿ ಅಪ್ಪನ ಹಳೆಯ ಟೈ ಸಿಕ್ಕವರು ಈ ಮಾತನ್ನು ಗಮನಿಸಬೇಕು: 1970ರ ದಶಕದ ಟೈಗಳು ಬಹಳ ಅಗಲ, 1990ರ ದಶಕದವೂ ನಾಲ್ಕು ಇಂಚಿನ ಹತ್ತಿರ ಇರುತ್ತವೆ. ಆ ಕಾಲದ ಕೋಟಿಗೆ ಅವು ಹೊಂದುತ್ತಿದ್ದವು. ಈಗಿನ ಎರಡೂಮುಕ್ಕಾಲು ಇಂಚಿನ ಲ್ಯಾಪೆಲ್ಲಿನ ಪಕ್ಕದಲ್ಲಿ ಅವೇ ಬೇರೆಯವರಿಂದ ಎರವಲು ತಂದಂತೆ ಕಾಣುತ್ತವೆ.

ಕೋಟಿಲ್ಲದೆ ಶರ್ಟಿನ ಮೇಲೆ ಮಾತ್ರ ಟೈ ಕಟ್ಟುವವರು, ಅಂದರೆ ಹೋಟೆಲಿನ ಸ್ವಾಗತಕಾರ, ಔಷಧ ಕಂಪನಿಯ ಪ್ರತಿನಿಧಿ ಮುಂತಾದ ಕೆಲಸಗಳಲ್ಲಿರುವವರು, ಲ್ಯಾಪೆಲ್ಲಿನ ಬದಲು ಕಾಲರಿನ ರೆಕ್ಕೆಯ ಉದ್ದವನ್ನು ನೋಡಬೇಕು. ಗುಂಡಿಯ ಬಳಿಯಿಂದ ಚೂಪು ತುದಿಗೆ ಅಳೆದಾಗ ಬರುವ ಅಂಕಿಯ ಆಸುಪಾಸಿನಲ್ಲಿ ಟೈಯ ಅಗಲವಿದ್ದರೆ ಎರಡೂ ಒಂದಕ್ಕೊಂದು ಒಪ್ಪುತ್ತವೆ. ಇವರಲ್ಲಿ ಹಲವರು ಬಳಸುವ ಜಿಪ್ ಟೈಯಲ್ಲಿ ಗಂಟಿನ ಗಾತ್ರವೂ ಗಂಟಿನಿಂದ ಕೆಳಗಿನ ಉದ್ದವೂ ಮೊದಲೇ ನಿಗದಿಯಾಗಿರುತ್ತವೆ, ಜಿಪ್ ಎಳೆದರೆ ಕುತ್ತಿಗೆಯ ಸುತ್ತು ಮಾತ್ರ ಬದಲಾಗುತ್ತದೆ; ಆದ್ದರಿಂದ ಗುಂಡಿಯಿಂದ ಬೆಲ್ಟಿಗಿರುವ ಅಳತೆಯೊಂದನ್ನೇ ನೋಡಿ ಆರಿಸಬೇಕು.

ಕೈಲಿರುವ ದುಡ್ಡಿಗೆ ತಕ್ಕಂತೆ

ಒಂದೇ ಟೈ ಕೊಂಡು ಎಲ್ಲ ಸಂದರ್ಭಕ್ಕೂ ಬಳಸಬೇಕೆನ್ನುವವರು, ಎತ್ತರ 5 ಅಡಿ 6 ಇಂಚಿನಿಂದ 5 ಅಡಿ 11 ಇಂಚಿನೊಳಗೆ, ಕಾಲರ್ 15ರಿಂದ 16.5ರೊಳಗೆ, ಹೊಟ್ಟೆ ಹೆಚ್ಚಿಲ್ಲದವರಾದರೆ, 58 ಇಂಚು ಉದ್ದದ, ಮೂರು ಇಂಚು ಅಗಲದ ಟೈ ತೆಗೆದುಕೊಂಡು ಸೆಮಿ-ಸ್ಪ್ರೆಡ್ ಕಾಲರಿಗೆ ಹಾಕಬಹುದು. ಇದರಲ್ಲಿ ಪಾಲಿಯೆಸ್ಟರ್ ಕೊಂಡರೂ ಉದ್ದ, ಅಗಲದ ದೃಷ್ಟಿಯಿಂದ ನಷ್ಟವಿಲ್ಲ. ನಷ್ಟವಾಗುವುದು ಗಂಟಿನ ಹಿಡಿತದಲ್ಲಿ. ನುಣುಪು ಪಾಲಿಯೆಸ್ಟರಿನ ಸರಳ ಗಂಟು ಮಧ್ಯಾಹ್ನದ ಹೊತ್ತಿಗೆ ಕಾಲರಿನಿಂದ ಕೆಳಗೆ ಜಾರಿರುತ್ತದೆ, ಆದ್ದರಿಂದ ಅಂಥ ಟೈಯಲ್ಲಿ ಹಾಫ್ ವಿಂಡ್ಸರ್ ಕಟ್ಟಿ, ಅದಕ್ಕೆ ಬೇಕಾದ ಎರಡು ಇಂಚು ನಿಮ್ಮ ಲೆಕ್ಕದಲ್ಲಿ ಉಳಿಯುತ್ತದೆಯೇ ನೋಡಿಕೊಳ್ಳಿ. ನೇಯ್ದ ರೇಷ್ಮೆಯಲ್ಲಿ ಈ ಜಾರಾಟ ಕಡಿಮೆ. ಕರವಸ್ತ್ರ, ಕಫ್‌ಲಿಂಕ್ ಸೇರಿಸಿ ಪೆಟ್ಟಿಗೆಯಲ್ಲಿ ಮಾರುವ ಟೈಗಳನ್ನು ಅಳೆಯದೆ ಕೊಳ್ಳಬಾರದು. ಪೆಟ್ಟಿಗೆ ತೆರೆದು ಮಧ್ಯಭಾಗದ ದಪ್ಪ ನೋಡಲು ಅಂಗಡಿಯವರು ಬಿಡದಿದ್ದರೆ ಬೇರೆ ಅಂಗಡಿಗೆ ಹೋಗುವುದೇ ಸರಿ.

ಕಾಲರ್ 17 ದಾಟಿದವರು, ಹೊಟ್ಟೆ ಇರುವವರು, 6 ಅಡಿ 2 ಇಂಚಿನ ಮೇಲಿರುವವರು, ಮತ್ತು ಎತ್ತರವಿದ್ದು ಸ್ಪ್ರೆಡ್ ಕಾಲರಿನ ಶರ್ಟನ್ನೇ ಇಷ್ಟಪಡುವವರು 61ರಿಂದ 63 ಇಂಚಿನ ಟೈ ಹುಡುಕಬೇಕು. ಆನ್‌ಲೈನಿನಲ್ಲಿ ಅಳತೆ ಸೆಂಟಿಮೀಟರಿನಲ್ಲಿದ್ದರೆ 155ರಿಂದ 160 ಎಂದಿರುವುದನ್ನು ನೋಡಿ. ‘ಲಾಂಗ್’ ಎಂಬ ಪದವನ್ನು ಮಾತ್ರ ನಂಬಬೇಡಿ. ಅಮೆರಿಕದಲ್ಲಿ ನೆಂಟರಿದ್ದರೆ ಅಲ್ಲಿನ ‘ಬಿಗ್ ಅಂಡ್ ಟಾಲ್’ ವಿಭಾಗಗಳಲ್ಲಿ ಈ ಅಳತೆ ಸುಲಭವಾಗಿ ಸಿಗುತ್ತದೆ. ಅದಕ್ಕೆ ಹೆಚ್ಚು ಖರ್ಚು ಮಾಡಲು ಮನಸ್ಸಿಲ್ಲದಿದ್ದರೆ ಇರುವ 58 ಇಂಚಿನ ಟೈಗೆ ಸರಳ ಗಂಟು ಕಟ್ಟಿ, ಕಾಲರನ್ನು ಸೆಮಿ-ಸ್ಪ್ರೆಡ್‌ಗೆ ಇಳಿಸಿಕೊಳ್ಳುವುದು ಅಗ್ಗದ ದಾರಿ. ಶರ್ಟು ಹೇಗೂ ಹೊಲಿಸುವವರಿಗಂತೂ ಇದು ಖರ್ಚಿಲ್ಲದ ಬದಲಾವಣೆ. ಕಾಲರಿನ ಅಂತರ ಎಷ್ಟಿರಬೇಕೆಂದು ಟೈಲರಿಗೆ ಇಂಚಿನಲ್ಲಿ ಹೇಳಿದರಾಯಿತು.

ಉದ್ದ ಹೆಚ್ಚಾದ ಟೈಯನ್ನು ಕಡಿಮೆ ಮಾಡಿಸಬಹುದು, ಕಡಿಮೆ ಇರುವುದನ್ನು ಹೆಚ್ಚು ಮಾಡಿಸಲಾಗದು. ಟೈಯನ್ನು ಸಾಮಾನ್ಯವಾಗಿ ಮೂರು ತುಂಡುಗಳಾಗಿ ಕತ್ತರಿಸಿ, ಕುತ್ತಿಗೆಯ ಭಾಗದಲ್ಲಿ ಜೋಡಿಸಿರುತ್ತಾರೆ. ನುರಿತ ಟೈಲರ್ ಹಿಂದಿನ ಉದ್ದದ ಹೊಲಿಗೆಯನ್ನು ಅಷ್ಟು ದೂರ ಬಿಚ್ಚಿ, ಆ ಜೋಡಣೆಯ ಬಳಿ ಮೂರು ಇಂಚು ತೆಗೆದು ಮತ್ತೆ ಹೊಲಿದರೆ ಹೊಸ ಹೊಲಿಗೆ ಕಾಲರಿನಡಿ ಅಡಗುತ್ತದೆ, ಎರಡು ತುದಿಗಳ ಆಕಾರವೂ ಹಾಗೆಯೇ ಉಳಿಯುತ್ತದೆ. ತುದಿಯಿಂದ ಕತ್ತರಿಸಲು ಹೊರಟರೆ ಒಪ್ಪಬೇಡಿ. ಸೋದರಮಾವನಂಥವರಿಗೆ ವಿಶೇಷ ಅಳತೆಯ ಟೈ ಹುಡುಕುವುದಕ್ಕಿಂತ ಇದು ಸುಲಭ. ಅಗಲವನ್ನೂ ಕಡಿಮೆ ಮಾಡಿಸಬಹುದು, ಆದರೆ ಅದು ದೊಡ್ಡ ಕೆಲಸ: ಪೂರ್ತಿ ಬಿಚ್ಚಿ, ಒಳಗಿನ ಅಸ್ತರಿಯನ್ನೂ ಕತ್ತರಿಸಿ, ತುದಿಯ ಲೈನಿಂಗನ್ನು ಹೊಸದಾಗಿ ಕೂರಿಸಬೇಕು. ಅಪ್ಪನ ಒಳ್ಳೆಯ ರೇಷ್ಮೆ ಟೈಗೆ ಅಷ್ಟು ಖರ್ಚು ತಕ್ಕುದು. ನಾಲ್ಕುನೂರು ರೂಪಾಯಿಯ ಟೈಗೆ ಅಲ್ಲ.

ಎರಡು ಅಳತೆಗಳ ನಡುವೆ ಮನಸ್ಸು ಹೊಯ್ದಾಡಿದರೆ ಉದ್ದದಲ್ಲಿ ದೊಡ್ಡದನ್ನೂ ಅಗಲದಲ್ಲಿ ಮೂರು ಇಂಚಿಗೆ ಹತ್ತಿರವಾದದ್ದನ್ನೂ ಆರಿಸಿ. ಕೊಳ್ಳುವ ಮೊದಲು ಹಾಕಲಿರುವ ಶರ್ಟು, ಪ್ಯಾಂಟು, ಬೆಲ್ಟುಗಳಲ್ಲೇ ಅಂಗಡಿಗೆ ಹೋಗಿ ಒಮ್ಮೆ ಪೂರ್ತಿ ಕಟ್ಟಿ, ತುದಿಯನ್ನು ಬಕಲ್ಲಿಗೆ ತಂದು, ಬಾಲವನ್ನು ಕುಣಿಕೆಗೆ ತೂರಿಸಿ, ಕುರ್ಚಿಯಲ್ಲಿ ಕೂತು ಎದ್ದು ನೋಡಿ. ಬಾಲ ಕುಣಿಕೆಯಲ್ಲೇ ಉಳಿದು, ಗಂಟಿನ ಪಕ್ಕದಲ್ಲಿ ಕಾಲರ್ ಪಟ್ಟಿ ಕಾಣದಿದ್ದರೆ ಬಿಲ್ ಹಾಕಿಸಬಹುದು.